ಇಂಗ್ಲಿಷ್ ಮಾತಿನ ಪರೀಕ್ಷೆ: ಚಿಕ್ಕ ಪದಗಳನ್ನು ಹಗುರಗೊಳಿಸುವ ಬಗೆ

‘ವ್ಯಾಕರಣದ ತಪ್ಪು ಮಾಡುವುದಿಲ್ಲ, ಪದಗಳಿಗೆ ತಡಕಾಡುವುದಿಲ್ಲ, ಪ್ರತಿಯೊಂದು ಪದವನ್ನೂ ಬಿಡಿಸಿ ಸ್ಪಷ್ಟವಾಗಿ ಹೇಳುತ್ತೇನೆ. ಆದರೂ ಉಚ್ಚಾರಣೆಯ ಅಂಕ ಆರರ ಮೇಲೆ ಏಳುತ್ತಿಲ್ಲ, ಏಕೆ?’ ಐಇಎಲ್‌ಟಿಎಸ್ ಬರೆದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಬಹುಮಟ್ಟಿಗೆ ಪ್ರಶ್ನೆಯೊಳಗೇ ಇದೆ. ಇಂಗ್ಲಿಷಿನಲ್ಲಿ ಪ್ರತಿಯೊಂದು ಪದವನ್ನೂ ಬಿಡಿಸಿ ಹೇಳಬಾರದು. ಕೆಲವನ್ನು ಎತ್ತಿ ಹೇಳಬೇಕು, ಉಳಿದವನ್ನು ಅವುಗಳ ನೆರಳಿನಲ್ಲಿ ಸಾಗಿಸಬೇಕು.

ಈ ಪರೀಕ್ಷೆಯ ಮಾತಿನ ಭಾಗ 11ರಿಂದ 14 ನಿಮಿಷ ನಡೆಯುತ್ತದೆ. ನಾಲ್ಕು ಮಾನದಂಡಗಳಿಗೆ ಸಮಪಾಲಿನ ಅಂಕವಿದ್ದು, ಉಚ್ಚಾರಣೆ ಅವುಗಳಲ್ಲೊಂದು. ಉಚ್ಚಾರಣೆಯ 6ನೇ ಬ್ಯಾಂಡ್‌ಗೆ ಪರೀಕ್ಷೆಯವರೇ ಪ್ರಕಟಿಸಿರುವ ವಿವರಣೆಯಲ್ಲಿ, ಒತ್ತನ್ನು ಆಧರಿಸಿದ ಲಯ ಇಲ್ಲದಿರುವುದರಿಂದಲೋ ಅತಿ ವೇಗದಿಂದಲೋ ಮಾತಿನ ಲಯ ಕೆಡಬಹುದು ಎಂಬ ಮಾತಿದೆ. 8ನೇ ಬ್ಯಾಂಡ್‌ಗೆ ಬಂದರೆ ಸೂಕ್ತ ಲಯವನ್ನು ಉಳಿಸಿಕೊಂಡು ಹೋಗುತ್ತಾರೆ ಎಂದಿದೆ. ಅಲ್ಲಿಯೂ ನಿಮ್ಮ ನಾಡಿನ ಛಾಯೆ ಮಾತಿನಲ್ಲಿ ಇರಬಾರದು ಎಂದು ಹೇಳಿಲ್ಲ. ಅದು ಅರ್ಥವಾಗುವುದಕ್ಕೆ ಹೆಚ್ಚು ಅಡ್ಡಿಯಾಗಬಾರದು ಎಂದಷ್ಟೇ ಇದೆ. ಹಾಗಾಗಿ ಲಂಡನ್ನಿನವರಂತೆ ಮಾತನಾಡುವ ಪ್ರಯತ್ನದಲ್ಲಿ ನಾಲಿಗೆ ತಿರುಚಿಕೊಳ್ಳುವ ಅಗತ್ಯವಿಲ್ಲ. ಕೈ ಹಾಕಬೇಕಾದದ್ದು ಲಯಕ್ಕೆ.

ತೊಡಕು ಇರುವುದು ಎಲ್ಲಿ

ಕನ್ನಡ ಛಂದಸ್ಸು ಕಲಿತವರಿಗೆ ಇದನ್ನು ಹೇಳುವುದು ಸುಲಭ. ನಮ್ಮ ಕಿವಿ ಅಕ್ಷರವನ್ನು ನೋಡಿ ತೂಕ ಹಾಕುತ್ತದೆ. ಹ್ರಸ್ವವಾದರೆ ಲಘು, ಒಂದು ಮಾತ್ರೆ. ದೀರ್ಘವೋ ಅನುಸ್ವಾರವೋ ಇದ್ದರೆ, ಮುಂದೆ ಒತ್ತಕ್ಷರ ಬಂದರೆ ಗುರು, ಎರಡು ಮಾತ್ರೆ. ಈ ಕಿವಿಗೆ ‘ಆ್ಯಂಡ್’, ‘ಫಾರ್’, ‘ಕ್ಯಾನ್’, ‘ವಾಸ್’ ಎಲ್ಲವೂ ಗುರುಗಳೇ. ಇಂಗ್ಲಿಷ್ ತೂಕ ಹಾಕುವುದು ಅರ್ಥವನ್ನು ನೋಡಿ. ಸುದ್ದಿ ಹೊರುವ ಪದಗಳು, ಅಂದರೆ ನಾಮಪದ, ಮುಖ್ಯ ಕ್ರಿಯಾಪದ, ವಿಶೇಷಣ, ಕ್ರಿಯಾವಿಶೇಷಣಗಳು ಭಾರ. ಅವುಗಳನ್ನು ಹೊಂದಿಸುವ ಪದಗಳು, ಅಂದರೆ ಕನ್ನಡದಲ್ಲಿ ಬಹುಪಾಲು ವಿಭಕ್ತಿ ಪ್ರತ್ಯಯವಾಗಿಯೋ ಕ್ರಿಯಾಪದದ ಬಾಲವಾಗಿಯೋ ಬರುವಂಥವು, ಹಗುರ. ಎಷ್ಟು ಹಗುರವೆಂದರೆ, ನಮ್ಮ ಲಘುವಿಗಿಂತಲೂ ಕಿರಿದು.

ಹೀಗೆ ಹಗುರಗೊಂಡ ಉಚ್ಚಾರಣೆಯನ್ನು ಬೋಧಕರು ‘ವೀಕ್ ಫಾರ್ಮ್’ ಎನ್ನುತ್ತಾರೆ. ನಾನು ಹಗುರ ರೂಪ ಎಂದೇ ಬರೆಯುತ್ತೇನೆ. ಅದೇ ಪದವನ್ನು ಒಂಟಿಯಾಗಿ, ಪೂರ್ತಿಯಾಗಿ ಹೇಳಿದರೆ ಅದು ಭಾರ ರೂಪ. ಹಗುರ ರೂಪಗಳಲ್ಲಿ ಬಹುಪಾಲು ಸ್ವರ ಒಂದೇ: ಶ್ವಾ. ನಿಘಂಟುಗಳಲ್ಲಿ ಇದನ್ನು ತಲೆಕೆಳಗಾದ ಇಂಗ್ಲಿಷ್ ಇ ಅಕ್ಷರದಂತೆ, ə ಎಂದು ಬರೆದಿರುತ್ತಾರೆ. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಕೇಳಿಬರುವ ಸ್ವರ ಇದೇ. ಇದಕ್ಕೆಂದೇ ಒಂದು ಅಕ್ಷರ ಇಂಗ್ಲಿಷ್ ವರ್ಣಮಾಲೆಯಲ್ಲಿಲ್ಲ, ಹಾಗಾಗಿ ಕಾಗುಣಿತ ನೋಡಿ ಓದುವವರಿಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಇಂಗ್ಲಿಷಿನಲ್ಲಿ ಒತ್ತುಗಳ ನಡುವಿನ ಅಂತರ ಸಮ, ಬೇರೆ ಕೆಲವು ಭಾಷೆಗಳಲ್ಲಿ ಉಚ್ಚಾರಾಂಶಗಳ ನಡುವಿನ ಅಂತರ ಸಮ ಎಂಬ ವಿಂಗಡಣೆಗೆ ಹೆಸರು ಕೊಟ್ಟವರು ಅಮೆರಿಕದ ಭಾಷಾವಿಜ್ಞಾನಿ ಕೆನೆತ್ ಪೈಕ್, 1945ರಲ್ಲಿ. ನಂತರ ಉಪಕರಣಗಳಿಂದ ಅಳೆದು ನೋಡಿದವರಿಗೆ ಆ ಅಂತರಗಳು ಗಡಿಯಾರದಷ್ಟು ಸಮನಾಗಿ ಕಂಡಿಲ್ಲ. ಆದ್ದರಿಂದ ‘ಸಮ ಅಂತರ’ವನ್ನು ನಿಯಮವೆಂದು ತಿಳಿಯದೆ ಅಭ್ಯಾಸದ ಊರುಗೋಲು ಎಂದು ಇಟ್ಟುಕೊಳ್ಳಿ. ಸಮವೋ ಅಲ್ಲವೋ, ಭಾರ ಮತ್ತು ಹಗುರ ಪದಗಳ ನಡುವಿನ ವ್ಯತ್ಯಾಸವಂತೂ ಗಟ್ಟಿ ಸಂಗತಿ. ಪರೀಕ್ಷಕರ ಕಿವಿಗೆ ಬೀಳುವುದೂ ಅದೇ.

ಏನೇನು ಬೇಕು

ಧ್ವನಿ ಮುದ್ರಿಸುವ ಮೊಬೈಲ್, ಇಯರ್‌ಫೋನ್, ಒಂದು ಪೆನ್ಸಿಲ್. ಜೊತೆಗೆ ಉಚ್ಚಾರಣೆಯ ಚಿಹ್ನೆ ಮತ್ತು ಧ್ವನಿ ಎರಡನ್ನೂ ಕೊಡುವ ಆನ್‌ಲೈನ್ ಇಂಗ್ಲಿಷ್ ನಿಘಂಟು. ಒಳ್ಳೆಯ ಕಲಿಕಾ ನಿಘಂಟಿನಲ್ಲಿ ಇಂಥ ಚಿಕ್ಕ ಪದಗಳಿಗೆ ಎರಡು ಉಚ್ಚಾರಣೆ ಇರುತ್ತದೆ. ಒಂದರ ಮುಂದೆ ‘ಸ್ಟ್ರಾಂಗ್’, ಇನ್ನೊಂದರ ಮುಂದೆ ‘ವೀಕ್’ ಎಂದು ಗುರುತು ಹಾಕಿರುತ್ತಾರೆ. ಮೊದಲನೆಯದನ್ನು ಮಾತ್ರ ಒತ್ತಿ ಕೇಳಿ ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ನಿಮಗೆ ಬೇಕಾದದ್ದು ಎರಡನೆಯದು.

ಮುಂದಿನ ಉದಾಹರಣೆಗಳಲ್ಲಿ ಇಂಗ್ಲಿಷ್ ಮಾತನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಹಂತ 2ರಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುವುದು ಒತ್ತಿ, ಎಳೆದು ಹೇಳಬೇಕಾದ ಭಾಗಕ್ಕೆ. ಹಗುರ ಪದದಲ್ಲಿ ‘ಅ’ಕಾರ ಕಂಡರೆ ಅದನ್ನು ಶ್ವಾ ಎಂದು ಓದಿಕೊಳ್ಳಿ.

ಹಂತ 1: ಮೊದಲು ಮುದ್ರಿಸಿ, ನಂತರ ಬರೆಯಿರಿ

ನಿಮ್ಮ ಮೇಲೆ ಪ್ರಭಾವ ಬೀರಿದ ಒಬ್ಬ ಶಿಕ್ಷಕರ ಬಗ್ಗೆ ಒಂದು ನಿಮಿಷ ಮಾತನಾಡಿ ಮುದ್ರಿಸಿಕೊಳ್ಳಿ. ಬರೆದುಕೊಂಡು ಓದಬೇಡಿ, ಓದುವಾಗಿನ ಲಯ ಬೇರೆ, ಆಡುವಾಗಿನ ಲಯ ಬೇರೆ. ಮುದ್ರಿಸಿದ ಮೇಲೆ ಅದನ್ನು ಕೇಳುತ್ತಾ, ಆಡಿದ್ದನ್ನು ಆಡಿದಂತೆಯೇ ಬರೆದುಕೊಳ್ಳಿ. ಅದರಿಂದ ಮೂರು ವಾಕ್ಯ ಸಾಕು. ನಾವು ಈ ಮೂರನ್ನು ಇಟ್ಟುಕೊಳ್ಳೋಣ, ಕಾಗುಣಿತದ ಜಾಡಿನಲ್ಲಿ ಹೋಗುವವರ ಬಾಯಲ್ಲಿ ಬರುವಂತೆ:

ಐ ವಾಂಟ್ ಟೂ ಟಾಕ್ ಅಬೌಟ್ ಎ ಟೀಚರ್ ಆ್ಯಟ್ ಮೈ ಸ್ಕೂಲ್.

ಶೀ ಕುಡ್ ಎಕ್ಸ್‌ಪ್ಲೇನ್ ಎ ಡಿಫಿಕಲ್ಟ್ ಪ್ರಾಬ್ಲೆಮ್ ಇನ್ ಎ ಕಪಲ್ ಆಫ್ ಮಿನಿಟ್ಸ್.

ಆ್ಯಟ್ ಫರ್ಸ್ಟ್ ಐ ವಾಸ್ ಅಫ್ರೇಡ್ ಆಫ್ ಹರ್, ಬಟ್ ನೌ ಐ ಕ್ಯಾನ್ ಸೇ ದ್ಯಾಟ್ ಶೀ ವಾಸ್ ದಿ ರೀಸನ್ ಫಾರ್ ಮೈ ಇಂಟರೆಸ್ಟ್ ಇನ್ ಸೈನ್ಸ್.

ಹಂತ 2: ಭಾರದ ಪದಗಳನ್ನು ಗುರುತಿಸಿ

ಹಗುರ ಪದಗಳಿಂದ ಶುರು ಮಾಡುವವರು ದಾರಿ ತಪ್ಪುತ್ತಾರೆ. ಮೊದಲು ಭಾರ ಎಲ್ಲಿ ಬೀಳಬೇಕು ಎಂದು ತೀರ್ಮಾನವಾಗಬೇಕು. ಹಗುರವಾಗುವುದು ಅದರ ಪರಿಣಾಮ. ಒಂದು ಪರೀಕ್ಷೆ ಹೇಳುತ್ತೇನೆ: ವಾಕ್ಯವನ್ನು ತಂತಿ ಸಂದೇಶದಂತೆ ಕತ್ತರಿಸಿದರೆ ಯಾವ ಪದಗಳು ಉಳಿಯುತ್ತವೆ? ಮೂರನೆಯ ವಾಕ್ಯದಲ್ಲಿ ‘ಫರ್ಸ್ಟ್, ಅಫ್ರೇಡ್, ನೌ, ಸೇ, ರೀಸನ್, ಇಂಟರೆಸ್ಟ್, ಸೈನ್ಸ್’ ಇಷ್ಟು ಉಳಿದರೆ ಕಥೆ ಗೊತ್ತಾಗುತ್ತದೆ. ಇಪ್ಪತ್ತೆರಡು ಪದಗಳ ವಾಕ್ಯದಲ್ಲಿ ಭಾರದವು ಏಳು.

ಆ ಪದಗಳಲ್ಲಿಯೂ ಒತ್ತು ಬೀಳುವುದು ಒಂದೇ ಉಚ್ಚಾರಾಂಶದ ಮೇಲೆ. ‘ಅಫ್ರೇಡ್’ನಲ್ಲಿ ‘ಫ್ರೇಡ್’ ಮೇಲೆ, ‘ರೀಸನ್’ನಲ್ಲಿ ‘ರೀ’ ಮೇಲೆ. ಅನುಮಾನವಿದ್ದರೆ ನಿಘಂಟು ನೋಡಿ. ಒತ್ತು ಬೀಳುವ ಭಾಗದ ಮುಂದೆ ಮೇಲ್ಗಡೆ ಒಂದು ಸಣ್ಣ ಗೀಟು ಇರುತ್ತದೆ. ಪೆನ್ಸಿಲಿನಿಂದ ಆ ಭಾಗಗಳ ಕೆಳಗೆ ಗೆರೆ ಎಳೆಯಿರಿ. ಬೇರೆ ಏನನ್ನೂ ಗುರುತಿಸಬೇಡಿ.

ಹಂತ 3: ಶ್ವಾ ಸದ್ದನ್ನು ಬಾಯಿಗೆ ತಂದುಕೊಳ್ಳಿ

ಇದನ್ನು ಹೊಸದಾಗಿ ಕಲಿಯಬೇಕಿಲ್ಲ. ‘ಕೆಲಸ’ ಎಂಬ ಪದವನ್ನು ಮೊದಲು ಪದ್ಯ ಓದುವಂತೆ ಬಿಡಿಸಿ ಹೇಳಿ: ಕೆ-ಲ-ಸ. ನಂತರ ಆಡುಮಾತಿನ ವೇಗದಲ್ಲಿ ಹೇಳಿ. ನಡುವಿನ ‘ಲ’ದಲ್ಲಿರುವ ಅಕಾರ ಬಹುತೇಕ ಕರಗಿ ‘ಕೆಲ್ಸ’ದ ಹತ್ತಿರ ಬರುತ್ತದೆ. ಪೂರ್ತಿ ಕರಗುವುದಕ್ಕೆ ತುಸು ಮುಂಚೆ ಅಲ್ಲಿ ಒಂದು ಮಸುಕಾದ ಸ್ವರ ಉಳಿದಿರುತ್ತದಲ್ಲ, ಅದೇ ಶ್ವಾ. ದವಡೆ ಹೆಚ್ಚು ತೆರೆಯುವುದಿಲ್ಲ, ತುಟಿ ದುಂಡಾಗುವುದಿಲ್ಲ, ನಾಲಿಗೆ ಬಾಯಿಯ ನಡುವೆ ಸುಮ್ಮನೆ ಬಿದ್ದಿರುತ್ತದೆ.

ಈಗ ಇದೇ ಸದ್ದಿನಿಂದ ಆರು ಪದಗಳನ್ನು ಹೇಳಿ ನೋಡಿ. ಇಂಗ್ಲಿಷಿನಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ಪದಗಳಿವು. ಮೊದಲ ವಾರಕ್ಕೆ ಇವಿಷ್ಟೇ ಸಾಕು.

- ‘ಎ’ ಎಂದು ಬರೆಯುವುದು ಮಾತಿನಲ್ಲಿ ಅ. ‘ಅ ಟೀಚರ್’. ಕನ್ನಡದ ಅಭ್ಯಾಸದಿಂದ ‘ಯೆ ಟೀಚರ್’ ಎಂದು ಮೊದಲಿಗೆ ಯಕಾರ ಸೇರಿಕೊಳ್ಳದಂತೆ ನೋಡಿಕೊಳ್ಳಿ.
- ‘ದಿ’ ಎನ್ನುವುದು ವ್ಯಂಜನದ ಮುಂದೆ ದ, ಸ್ವರದ ಮುಂದೆ ಮಾತ್ರ ದಿ. ‘ದ ರೀಸನ್’, ಆದರೆ ‘ದಿ ಆನ್ಸರ್’.
- ‘ಟು’ ಎನ್ನುವುದು ವ್ಯಂಜನದ ಮುಂದೆ ಟ, ಸ್ವರದ ಮುಂದೆ ಟು. ‘ಟ ಟಾಕ್’, ಆದರೆ ‘ಟು ಆಸ್ಕ್’.
- ‘ಆಫ್’ ಎಂದು ನಾವು ಬರೆಯುವ ಷಷ್ಠಿಯ ಪದ ಅವ್. ‘ಕೈಂಡ್ ಅವ್ ವರ್ಕ್’.
- ‘ಆ್ಯಂಡ್’ ಎನ್ನುವುದು ಅನ್ ಅಥವಾ ಅಂಡ್. ‘ಬ್ಲ್ಯಾಕ್ ಅನ್ ವೈಟ್’.
- ‘ಫಾರ್’ ಎನ್ನುವುದು ಫರ್. ಬ್ರಿಟಿಷರು ವ್ಯಂಜನದ ಮುಂದೆ ರಕಾರ ಬಿಟ್ಟು ‘ಫ’ ಎನ್ನುತ್ತಾರೆ, ಅಮೆರಿಕದವರು ಬಿಡುವುದಿಲ್ಲ. ಪರೀಕ್ಷೆಯಲ್ಲಿ ಎರಡೂ ಸಲ್ಲುತ್ತದೆ.

ನಾಲ್ಕನೆಯದರ ಬಗ್ಗೆ ಒಂದು ಎಚ್ಚರಿಕೆ. ಕನ್ನಡದಲ್ಲಿ ನಾವು ‘ಲೈಟ್ ಆಫ್ ಮಾಡು’ ಎನ್ನುವಾಗಿನ ಪದವನ್ನೂ ಷಷ್ಠಿಯ ಅರ್ಥದ ಪದವನ್ನೂ ಒಂದೇ ರೀತಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ. ಮೊದಲನೆಯದು ಫಕಾರದಲ್ಲಿ ಮುಗಿಯುತ್ತದೆ, ಅದಕ್ಕೆ ಹಗುರ ರೂಪವೇ ಇಲ್ಲ. ಎರಡನೆಯದು ಭಾರ ರೂಪದಲ್ಲಿಯೂ ವಕಾರದಲ್ಲೇ ಮುಗಿಯುತ್ತದೆ. ಇದೊಂದನ್ನು ಸರಿಪಡಿಸಿಕೊಂಡರೂ ಮಾತಿನ ಚಹರೆ ಬದಲಾಗುತ್ತದೆ, ಏಕೆಂದರೆ ಈ ಪದವಿಲ್ಲದೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡುವುದು ಕಷ್ಟ.

ಇನ್ನೊಂದು ಎಚ್ಚರಿಕೆ: ಕನ್ನಡದ ಪದಗಳು ಸ್ವರದಲ್ಲಿ ಮುಗಿಯುವುದರಿಂದ ನಮ್ಮ ನಾಲಿಗೆ ವ್ಯಂಜನದ ಕೊನೆಗೆ ಒಂದು ಉಕಾರ ಅಂಟಿಸುತ್ತದೆ. ‘ಆ್ಯಂಡು’, ‘ಬಟ್ಟು’, ‘ಹ್ಯಾಡು’. ಹಗುರವಾಗಬೇಕಾದ ಪದಕ್ಕೆ ಹೀಗೆ ಇನ್ನೊಂದು ಉಚ್ಚಾರಾಂಶ ಸೇರಿದರೆ ಮಾಡಿದ ಶ್ರಮವೆಲ್ಲ ವ್ಯರ್ಥ. ಮುದ್ರಿಕೆಯಲ್ಲಿ ಇದನ್ನು ಹುಡುಕಿ. ಮಾತನಾಡುವಾಗ ನಮ್ಮ ಕಿವಿಗೆ ಇದು ಬೀಳುವುದೇ ಇಲ್ಲ.

ಹಂತ 4: ತಟ್ಟುತ್ತಾ ತುಂಬಿಸಿ

ಇದು ಅಭ್ಯಾಸದ ಹೃದಯಭಾಗ, ಹಾಗಾಗಿ ನಿಧಾನವಾಗಿ ಹೋಗೋಣ. ಮೂರನೆಯ ವಾಕ್ಯದ ಕೊನೆಯ ತುಂಡನ್ನು ತೆಗೆದುಕೊಳ್ಳಿ. ಮೊದಲು ಭಾರದ ಪದಗಳನ್ನಷ್ಟೇ, ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಾ, ಸಮ ಅಂತರದಲ್ಲಿ ಹೇಳಿ:

ರೀಜನ್ — ಇನ್ಟ್ರಸ್ಟ್ — ಸೈಅನ್ಸ್

ಪ್ರತಿ ಪದಕ್ಕೆ ಒಂದು ತಟ್ಟು, ಸೆಕೆಂಡಿಗೆ ಒಂದರಂತೆ. ಹತ್ತಾರು ಬಾರಿ ಹೇಳಿ, ತಟ್ಟು ತಾನಾಗಿ ಬರುವವರೆಗೆ. ಈಗ ತಟ್ಟಿನ ವೇಗ ಬದಲಿಸದೆ, ಕೊನೆಯ ಎರಡು ಪದಗಳ ನಡುವೆ ‘ಇನ್’ ಸೇರಿಸಿ:

ರೀಜನ್ — ಇನ್ಟ್ರಸ್ಟ್ ಇನ್ ಸೈಅನ್ಸ್

ನಂತರ ಮೊದಲ ಎರಡರ ನಡುವೆ:

ರೀಜನ್ ಫರ್ ಮೈ ಇನ್ಟ್ರಸ್ಟ್ ಇನ್ ಸೈಅನ್ಸ್

ಕೊನೆಗೆ ಮುಂದಿನ ಭಾಗ, ಮೊದಲ ತಟ್ಟು ಬೀಳುವುದಕ್ಕೆ ಮುಂಚೆ:

ದಟ್ ಶಿ ವಜ್ ದ ರೀಜನ್ ಫರ್ ಮೈ ಇನ್ಟ್ರಸ್ಟ್ ಇನ್ ಸೈಅನ್ಸ್

ಕೊನೆಯ ಸಾಲಿನ ಮೊದಲ ನಾಲ್ಕು ಪದಗಳು ತಟ್ಟು ಬೀಳುವ ಮೊದಲೇ ಮುಗಿಯಬೇಕು. ಅಷ್ಟರೊಳಗೆ ಅವುಗಳನ್ನು ತುರುಕಲಾಗದೆ ಬೆರಳು ಗಾಳಿಯಲ್ಲಿ ಕಾಯುತ್ತಾ ನಿಂತರೆ, ‘ದ್ಯಾಟ್’ ಮತ್ತು ‘ವಾಸ್’ ಇನ್ನೂ ಭಾರವಾಗಿಯೇ ಇವೆ ಎಂದರ್ಥ. ಆಗ ಬೆರಳನ್ನು ನಿಧಾನಿಸಬೇಡಿ; ಪದಗಳನ್ನು ಕಿರಿದು ಮಾಡಿ. ಅಷ್ಟಾದರೂ ಆಗದಿದ್ದರೆ ಹಿಂದಿನ ಸಾಲಿಗೆ ಮರಳಿ.

ಇಲ್ಲಿ ‘ಇನ್’ ಪದಕ್ಕೆ ಶ್ವಾ ಬರುವುದಿಲ್ಲ ಎಂಬುದನ್ನು ಗಮನಿಸಿ. ‘ಇನ್’, ‘ಆನ್’, ‘ಆಫ್’ (ಬೆಳಕು ಆರಿಸುವ ಆಫ್), ‘ನಾಟ್’ ಇವುಗಳ ಸ್ವರ ಬದಲಾಗುವುದಿಲ್ಲ. ಉತ್ಸಾಹದಲ್ಲಿ ‘ಆನ್’ ಅನ್ನು ‘ಅನ್’ ಮಾಡಿದರೆ ಕೇಳುವವರು ಅದನ್ನು ‘ಆ್ಯಂಡ್’ ಎಂದು ತಿಳಿಯುತ್ತಾರೆ.

ಇದೇ ಕ್ರಮದಲ್ಲಿ ಮೂರೂ ವಾಕ್ಯಗಳನ್ನು ಕಟ್ಟಿದರೆ ಹೀಗಾಗುತ್ತದೆ:

ಐ ವಾಂಟ್ ಟ ಟಾಕ್ ಅಬೌಟ್ ಅ ಟೀಚರ್ ಅಟ್ ಮೈ ಸ್ಕೂಲ್.

ಶಿ ಕಡ್ ಇಕ್ಸ್ಪ್ಲೇನ್ ಅ ಡಿಫಿಕಲ್ಟ್ ಪ್ರಾಬ್ಲಮ್ ಇನ್ ಅ ಕಪಲ್ ಅವ್ ಮಿನಿಟ್ಸ್.

ಅಟ್ ಫರ್ಸ್ಟ್ ಐ ವಜ್ ಅಫ್ರೇಡ್ ಅವ್ ಹರ್, ಬಟ್ ನೌ ಐ ಕನ್ ಸೇ ದಟ್ ಶಿ ವಜ್ ದ ರೀಜನ್ ಫರ್ ಮೈ ಇನ್ಟ್ರಸ್ಟ್ ಇನ್ ಸೈಅನ್ಸ್.

‘ಪ್ರಾಬ್ಲೆಮ್’ ‘ಪ್ರಾಬ್ಲಮ್’ ಆಗಿರುವುದನ್ನು ನೋಡಿ. ಶ್ವಾ ಬರುವುದು ಚಿಕ್ಕ ಪದಗಳಲ್ಲಿ ಮಾತ್ರವಲ್ಲ, ದೊಡ್ಡ ಪದದೊಳಗೆ ಒತ್ತಿಲ್ಲದ ಜಾಗದಲ್ಲಿಯೂ ಅದು ಕೂತಿರುತ್ತದೆ. ‘ಕಪಲ್’ನ ‘ಕ’ದಲ್ಲಿಯೂ ಅಕಾರವಿದೆ, ಆದರೆ ಅದು ಒತ್ತಿನ ಜಾಗ, ಅಲ್ಲಿರುವುದು ಗಟ್ಟಿಯಾದ ಬೇರೆ ಸ್ವರ, ಶ್ವಾ ಅಲ್ಲ. ನಮ್ಮ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಒತ್ತಿನ ಗುರುತೇ ದಾರಿದೀಪ.

ಈಗ ಇದನ್ನು ಮುದ್ರಿಸಿಕೊಂಡು ಹಂತ 1ರ ಮುದ್ರಿಕೆಯ ಜೊತೆಗಿಟ್ಟು ಕೇಳಿ. ಮುದ್ರಿಸುವ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಧ್ವನಿಯ ಏರಿಳಿತ ಅಲೆಯಂತೆ ತೆರೆಯ ಮೇಲೆ ಕಾಣುತ್ತದೆ. ಹಳೆಯದರಲ್ಲಿ ಅಲೆಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸಾಲಾಗಿ ನಿಂತಿದ್ದು, ಹೊಸದರಲ್ಲಿ ಎತ್ತರದ ಗುಡ್ಡೆಗಳ ನಡುವೆ ತಗ್ಗು ಕಂಡರೆ ಕೆಲಸ ಸರಿಯಾಗಿ ಸಾಗುತ್ತಿದೆ. ಇದು ಕರಾರುವಾಕ್ಕಾದ ಅಳತೆಯಲ್ಲ. ಕೆಲವು ವ್ಯಂಜನಗಳು ಒತ್ತಿಲ್ಲದೆಯೂ ದೊಡ್ಡ ಅಲೆ ಎಬ್ಬಿಸುತ್ತವೆ. ಆದರೂ ಕಿವಿಯನ್ನು ನಂಬದವರಿಗೆ ಕಣ್ಣಿನ ಸಾಕ್ಷಿ ಒಳ್ಳೆಯದು.

ಹಂತ 5: ‘ಕ್ಯಾನ್’ ಪದದ ಬಳಿ ನಿಲ್ಲಿ

ಎರಡನೆಯ ವಾರಕ್ಕೆ ಇಟ್ಟುಕೊಳ್ಳಬೇಕಾದ ಪದಗಳು ‘ಕ್ಯಾನ್’ (ಕನ್), ‘ವಾಸ್’ (ವಜ್), ‘ಆ್ಯಟ್’ (ಅಟ್), ‘ಹ್ಯಾವ್’ (ಅವ್), ‘ದ್ಯಾಟ್’ (ದಟ್). ಇವುಗಳಲ್ಲಿ ‘ಕ್ಯಾನ್’ ಒಂದನ್ನು ತಪ್ಪಾಗಿ ಹೇಳಿದರೆ ಲಯ ಮಾತ್ರವಲ್ಲ, ಅರ್ಥವೇ ತಿರುಗಿ ಬೀಳುತ್ತದೆ.

‘ನನಗೆ ಈಜು ಬರುತ್ತದೆ’ ಎಂಬ ಅರ್ಥದಲ್ಲಿ ಇಂಗ್ಲಿಷಿನವರು ‘ಐ ಕನ್ ಸ್ವಿಮ್’ ಎನ್ನುತ್ತಾರೆ. ಒತ್ತು ಒಂದೇ, ಅದು ಈಜಿನ ಮೇಲೆ. ‘ಬರುವುದಿಲ್ಲ’ ಎಂದಾದರೆ ‘ಐ ಕಾಂಟ್ ಸ್ವಿಮ್’. ಅಮೆರಿಕದವರ ಬಾಯಲ್ಲಿ ‘ಐ ಕ್ಯಾಂಟ್ ಸ್ವಿಮ್’. ಒತ್ತು ಎರಡು. ಈ ನಿಷೇಧದ ಪದದ ಕೊನೆಯ ಟಕಾರವನ್ನು ಅವರು ಅನೇಕ ವೇಳೆ ಬಿಡಿಸಿ ಹೇಳುವುದಿಲ್ಲ, ನಾಲಿಗೆ ಅಲ್ಲಿಯೇ ತಡೆದು ನಿಲ್ಲುತ್ತದೆ. ಹಾಗಾಗಿ ಕೇಳುವವರು ಟಕಾರಕ್ಕಾಗಿ ಕಾಯುವುದಿಲ್ಲ. ಸ್ವರ ಪೂರ್ತಿಯಾಗಿದೆಯೇ, ಒತ್ತು ಬಿದ್ದಿದೆಯೇ ಎಂಬುದರಿಂದಲೇ ‘ಆಗುವುದಿಲ್ಲ’ ಎಂದು ತಿಳಿದುಕೊಳ್ಳುತ್ತಾರೆ.

ಈಗ ನೀವು ‘ಐ ಕ್ಯಾನ್ ಸ್ವಿಮ್’ ಎಂದು ಸ್ಪಷ್ಟವಾಗಿ, ಒತ್ತಿ ಹೇಳಿದಿರಿ ಎನ್ನಿ. ಸ್ವರ ಪೂರ್ತಿ, ಒತ್ತೂ ಇದೆ. ಎದುರಿನವರ ಕಿವಿಗೆ ಅದು ‘ಈಜು ಬರುವುದಿಲ್ಲ’ ಎಂದು ಬೀಳುವ ಸಾಧ್ಯತೆ ಚೆನ್ನಾಗಿಯೇ ಇದೆ. ನೀವು ಸ್ಪಷ್ಟತೆಗೆಂದು ಹಾಕಿದ ಒತ್ತೇ ಗೊಂದಲಕ್ಕೆ ಕಾರಣವಾಯಿತು.

ಪರೀಕ್ಷಿಸಿಕೊಳ್ಳುವ ವಿಧಾನ ಸರಳ. ಹತ್ತು ವಾಕ್ಯ ಬರೆಯಿರಿ, ಐದರಲ್ಲಿ ‘ಆಗುತ್ತದೆ’, ಐದರಲ್ಲಿ ‘ಆಗುವುದಿಲ್ಲ’, ಕ್ರಮ ಕಲಸಿ. ಓದಿ ಮುದ್ರಿಸಿ ಸ್ನೇಹಿತರೊಬ್ಬರಿಗೆ ಕಳುಹಿಸಿ. ಪ್ರತಿ ವಾಕ್ಯಕ್ಕೂ ಅವರು ಹೌದು ಅಥವಾ ಇಲ್ಲ ಎಂದಷ್ಟೇ ಬರೆಯಲಿ. ಸಾಧ್ಯವಾದರೆ ಕನ್ನಡ ಬಾರದವರನ್ನು ಕೇಳಿ. ನಮ್ಮವರು ನಮ್ಮ ಉಚ್ಚಾರಣೆಗೆ ಒಗ್ಗಿರುವುದರಿಂದ ತಪ್ಪಿದ್ದರೂ ಸರಿಯಾಗಿಯೇ ಊಹಿಸಿಬಿಡುತ್ತಾರೆ.

‘ಹ್ಯಾವ್’ ಪದದ ಬಗ್ಗೆ ಒಂದು ಮಾತು. ಸಹಾಯಕ ಕ್ರಿಯಾಪದವಾದಾಗ ಮಾತ್ರ ಅದು ಹಗುರವಾಗಿ ‘ಅವ್’ ಆಗುತ್ತದೆ: ‘ಶುಡ್ ಅವ್ ಗಾನ್’. ‘ನನ್ನ ಬಳಿ ಇದೆ’ ಎಂಬ ಅರ್ಥದಲ್ಲಿ ಬಂದರೆ ಪೂರ್ತಿ ಉಚ್ಚಾರಣೆ ಬೇಕು: ‘ಐ ಹ್ಯಾವ್ ಅ ಬ್ರದರ್’. ಸಹಾಯಕ ರೂಪವೂ ಷಷ್ಠಿಯ ‘ಅವ್’ ಕೂಡ ಒಂದೇ ರೀತಿ ಕೇಳಿಸುವುದರಿಂದ, ಇಂಗ್ಲಿಷ್ ಮಾತೃಭಾಷೆಯವರೇ ಬರವಣಿಗೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದು ಬೈಸಿಕೊಳ್ಳುವುದುಂಟು. ‘ದ್ಯಾಟ್’ ಕೂಡ ಹೀಗೆಯೇ. ‘ಎಂದು’ ಎಂಬ ಅರ್ಥದಲ್ಲಿ ‘ದಟ್’, ‘ಆ’ ಅಥವಾ ‘ಅದು’ ಎಂಬ ಅರ್ಥದಲ್ಲಿ ಪೂರ್ತಿ ‘ದ್ಯಾಟ್’.

ಹಂತ 6: ಹಗುರ ಮಾಡಬಾರದ ಜಾಗಗಳು

ಎರಡು ವಾರ ಅಭ್ಯಾಸ ಮಾಡಿದವರು ಕೈಗೆ ಸಿಕ್ಕ ಚಿಕ್ಕ ಪದವನ್ನೆಲ್ಲ ನುಂಗಲು ಶುರು ಮಾಡುತ್ತಾರೆ. ಮೂರು ಜಾಗಗಳಲ್ಲಿ ಅದೇ ಪದಗಳು ಪೂರ್ತಿ ರೂಪದಲ್ಲಿರಬೇಕು.

ಮೊದಲನೆಯದು ವಾಕ್ಯದ ಕೊನೆ. ‘ನೀವು ಎಲ್ಲಿಯವರು’ ಎಂದು ಪರೀಕ್ಷಕರು ಕೇಳುವಾಗ ಕೊನೆಯಲ್ಲಿ ‘ಫ್ರಾಮ್’ ಎಂಬುದು ಪೂರ್ತಿ ಸ್ವರದೊಂದಿಗೆ ಬರುತ್ತದೆ. ನೀವು ಉತ್ತರಿಸುವಾಗ ಅದೇ ಪದ ಊರಿನ ಹೆಸರಿನ ಮುಂದೆ ‘ಫ್ರಮ್’ ಎಂದು ಹಗುರವಾಗುತ್ತದೆ. ‘ಯೆಸ್, ಐ ಕ್ಯಾನ್’, ‘ಯೆಸ್, ಐ ವಾಜ್’ ಎಂಬ ಚುಟುಕು ಉತ್ತರಗಳಲ್ಲಿಯೂ ಕೊನೆಯ ಪದ ಪೂರ್ತಿಯೇ. ಆದರೆ ಸರ್ವನಾಮಗಳು ಈ ನಿಯಮಕ್ಕೆ ಸಿಗುವುದಿಲ್ಲ. ನಮ್ಮ ಮೂರನೆಯ ವಾಕ್ಯದಲ್ಲಿ ‘ಅಫ್ರೇಡ್ ಅವ್ ಹರ್’ ಎಂಬ ತುಂಡಿನ ಕೊನೆಯ ‘ಹರ್’ ಕೊನೆಯಲ್ಲಿದ್ದರೂ ಹಗುರವೇ.

ಎರಡನೆಯದು ನಿಷೇಧ. ‘ವಾಜಂಟ್’, ‘ಹ್ಯಾವಂಟ್’, ‘ಕಾಂಟ್’ ಇವುಗಳ ಮೊದಲ ಸ್ವರ ಎಂದಿಗೂ ಶ್ವಾ ಆಗುವುದಿಲ್ಲ.

ಮೂರನೆಯದು ವೈದೃಶ್ಯ. ‘ಶಾಲೆಗೆ ಅಲ್ಲ, ಶಾಲೆಯಿಂದ’ ಎಂದು ತಿದ್ದುವಾಗ ಅರ್ಥದ ಭಾರವೆಲ್ಲ ವಿಭಕ್ತಿಯ ಮೇಲೆಯೇ ಬೀಳುತ್ತದೆ. ಇಂಗ್ಲಿಷಿನಲ್ಲಿ ಆಗ ‘ಟೂ’ ಮತ್ತು ‘ಫ್ರಾಮ್’ ಒತ್ತಿ ಹೇಳಿದರೇ ಸರಿ.

ಹಂತ 7: ದೊಡ್ಡ ಪದಗಳೊಳಗಿನ ಶ್ವಾ

ಇಲ್ಲಿ ನಿಯಮಗಳ ಬೆನ್ನು ಹತ್ತಬೇಡಿ. ನೀವು ಪರೀಕ್ಷೆಯಲ್ಲಿ ಖಂಡಿತ ಬಳಸುವ ಇಪ್ಪತ್ತು ಪದಗಳನ್ನು ನಿಘಂಟಿನಲ್ಲಿ ನೋಡಿ, ಶ್ವಾ ಚಿಹ್ನೆ ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಕನ್ನಡದಲ್ಲಿ ಬೇರೂರಿದ ಪದಗಳೇ ಹೆಚ್ಚು ಕಾಡುತ್ತವೆ, ಏಕೆಂದರೆ ನಾಲಿಗೆ ಕನ್ನಡದ ರೂಪವನ್ನು ಬಿಡುವುದಿಲ್ಲ. ನಮ್ಮ ‘ಪೊಲೀಸ್’ ಅಲ್ಲಿ ‘ಪಲೀಸ್’. ‘ಒಪೀನಿಯನ್’ ಅಲ್ಲಿ ‘ಅಪಿನ್ಯನ್’. ‘ಫೋಟೋಗ್ರಫಿ’ ಅಲ್ಲಿ ‘ಫಟಾಗ್ರಫಿ’: ‘ಫೋಟೋ’ ಎಂಬ ಪದದಲ್ಲಿ ಗಟ್ಟಿಯಾಗಿದ್ದ ಮೊದಲ ಓಕಾರ, ಒತ್ತು ಮುಂದೆ ಸರಿದ ಕೂಡಲೇ ಶ್ವಾ ಆಗಿಬಿಟ್ಟಿತು. ಕನ್ನಡದಲ್ಲಿ ಮಾತನಾಡುವಾಗ ಇವನ್ನು ಕನ್ನಡದಂತೆಯೇ ಹೇಳಿ. ಅಲ್ಲಿ ತಿದ್ದಿಕೊಳ್ಳಬೇಕಾದದ್ದು ಏನೂ ಇಲ್ಲ.

ಹೆಚ್ಚಿನವರು ಎಡವುವ ಕಡೆ

ಹಗುರ ರೂಪ ಎಂದರೆ ವೇಗ ಎಂಬ ತಪ್ಪು ತಿಳಿವಳಿಕೆ ಎಲ್ಲಕ್ಕಿಂತ ವ್ಯಾಪಕ. ಇಡೀ ವಾಕ್ಯವನ್ನು ಓಡಿಸಿದರೆ ಭಾರದ ಪದಗಳೂ ಕಿರಿದಾಗುತ್ತವೆ, ವ್ಯತ್ಯಾಸ ಮೊದಲಿನಷ್ಟೇ ಉಳಿಯುತ್ತದೆ. ಅತಿ ವೇಗ 6ನೇ ಬ್ಯಾಂಡ್‌ನ ವಿವರಣೆಯಲ್ಲೇ ದೋಷವಾಗಿ ನಮೂದಾಗಿದೆ ಎಂದು ಆಗಲೇ ಹೇಳಿದೆ. ಚಿಕ್ಕ ಪದದಲ್ಲಿ ಉಳಿಸಿದ ಸಮಯವನ್ನು ದೊಡ್ಡ ಪದದ ಒತ್ತಿನ ಸ್ವರಕ್ಕೆ ಖರ್ಚು ಮಾಡಬೇಕು. ‘ಸ್ಕೂಲ್’ನ ಊಕಾರ, ‘ರೀಜನ್’ನ ಈಕಾರ ಮೊದಲಿಗಿಂತ ಉದ್ದವಾಗಲಿ. ಒಟ್ಟು ವಾಕ್ಯದ ಅವಧಿ ಹೆಚ್ಚು ಬದಲಾಗದಿದ್ದರೂ ಚಿಂತೆಯಿಲ್ಲ.

ಎರಡನೆಯದು, ಹಗುರ ಮಾಡುವ ಭರದಲ್ಲಿ ಪದವನ್ನೇ ಬಿಟ್ಟುಬಿಡುವುದು. ‘ಐ ವಾಂಟ್ ಟಾಕ್’ ಎಂದು ಕೇಳಿಸಿದರೆ ಪರೀಕ್ಷಕರು ಅದನ್ನು ಹಗುರ ರೂಪ ಎಂದುಕೊಳ್ಳುವುದಿಲ್ಲ, ವ್ಯಾಕರಣದ ತಪ್ಪು ಎಂದುಕೊಳ್ಳುತ್ತಾರೆ. ಒಂದು ಕಡೆ ಗಳಿಸಲು ಹೋಗಿ ಇನ್ನೊಂದು ಕಡೆ ಕಳೆದುಕೊಂಡಂತಾಯಿತು. ಬಹುಪಾಲು ಕಂಪ್ಯೂಟರೇ ಅಂಕ ಹಾಕುವ ಪಿಟಿಇ ಅಕಾಡೆಮಿಕ್ ಪರೀಕ್ಷೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಲ್ಲಿ ಗಟ್ಟಿಯಾಗಿ ಓದುವ ಪ್ರಶ್ನೆಯಲ್ಲಿ ಬಿಟ್ಟುಹೋದ ಪ್ರತಿ ಪದವೂ ತಪ್ಪೆಂದು ಎಣಿಕೆಯಾಗುತ್ತದೆ. ಮುದ್ರಿಕೆಯ ವೇಗ ಅರ್ಧಕ್ಕೆ ಇಳಿಸಿ ಕೇಳಿ. ‘ಟ’ದ ಸದ್ದು ಅಲ್ಲಿಯೂ ಕೇಳಿಸದಿದ್ದರೆ ನೀವು ಅದನ್ನು ನುಂಗಿದ್ದೀರಿ.

‘ಗೋಯಿಂಗ್ ಟು’ ಬದಲು ‘ಗಾನ’, ‘ವಾಂಟ್ ಟು’ ಬದಲು ‘ವಾನ’ ಎಂಬ ರೂಪಗಳನ್ನು ಬಾಯಿಪಾಠ ಮಾಡಿಕೊಂಡು ಬರುವವರೂ ಇದ್ದಾರೆ. ಅವು ಆಡುಮಾತಿನಲ್ಲಿ ಪದಗಳು ಕೂಡಿಕೊಂಡು ಆದ ರೂಪಗಳು, ತಪ್ಪೇನಲ್ಲ. ಆದರೆ ಉಳಿದ ಪದಗಳೆಲ್ಲ ಬಿಡಿಬಿಡಿಯಾಗಿ, ಸಮಭಾರದಲ್ಲಿ ಬರುತ್ತಿರುವಾಗ ನಡುವೆ ಒಂದು ‘ಗಾನ’ ಬಂದರೆ ತೇಪೆ ಹಾಕಿದಂತೆ ಕಾಣುತ್ತದೆ. ಲಯ ಕೂಡಿಬರುವವರೆಗೆ ಅವುಗಳನ್ನು ಬದಿಗಿಡುವುದೇ ಲೇಸು.

ಪರೀಕ್ಷೆಯ ದಿನ

ಕೋಣೆಯೊಳಗೆ ಹೋದ ಮೇಲೆ ಶ್ವಾ ಬಗ್ಗೆ ಯೋಚಿಸಬೇಡಿ; ಯೋಚಿಸಿದರೆ ಮಾತು ತಡವರಿಸುತ್ತದೆ, ತಡವರಿಕೆಗೆ ಬೇರೆ ಮಾನದಂಡದಲ್ಲಿ ಅಂಕ ಹೋಗುತ್ತದೆ. ಮುಂಚೆಯೇ ಹತ್ತು ಹನ್ನೆರಡು ತುಣುಕುಗಳನ್ನು ಲಯದೊಂದಿಗೆ ನಾಲಿಗೆಗೆ ಒಗ್ಗಿಸಿಕೊಂಡಿರಿ: ‘ಅ ಲಾಟ್ ಅವ್’, ‘ದ ಕೈಂಡ್ ಅವ್’, ‘ಐ ವಜ್ ಏಬಲ್ ಟ’, ‘ಫರ್ ಅ ಲಾಂಗ್ ಟೈಮ್’. ಯಾವ ವಿಷಯ ಬಂದರೂ ಇವು ಬಳಕೆಗೆ ಸಿಗುತ್ತವೆ. ಇಡೀ ಉತ್ತರವನ್ನು ಕಂಠಪಾಠ ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಕಂಠಪಾಠದ ಉತ್ತರವನ್ನು ಪರೀಕ್ಷಕರು ಬೇಗನೆ ಪತ್ತೆ ಮಾಡುತ್ತಾರೆ.

ಎರಡನೆಯ ಭಾಗದಲ್ಲಿ ವಿಷಯದ ಚೀಟಿ ಕೊಟ್ಟು ತಯಾರಿಗೆ ಒಂದು ನಿಮಿಷ ಬಿಡುತ್ತಾರೆ, ಕಾಗದ ಮತ್ತು ಪೆನ್ಸಿಲ್ ಇರುತ್ತದೆ. ಆಗ ವಾಕ್ಯ ಬರೆಯಬೇಡಿ, ಭಾರದ ಪದಗಳನ್ನಷ್ಟೇ ಬರೆದುಕೊಳ್ಳಿ: ಟೀಚರ್, ಸ್ಕೂಲ್, ಎಕ್ಸ್‌ಪ್ಲೇನ್, ಅಫ್ರೇಡ್, ಸೈನ್ಸ್. ವಾಕ್ಯ ಬರೆದರೆ ಕಣ್ಣು ಪ್ರತಿ ಪದವನ್ನೂ ಓದುತ್ತದೆ, ನಾಲಿಗೆ ಪ್ರತಿ ಪದಕ್ಕೂ ಒತ್ತು ಹಾಕುತ್ತದೆ. ಕಾಗದದಲ್ಲಿ ಭಾರದ ಪದಗಳು ಮಾತ್ರ ಇದ್ದರೆ, ನಡುವಿನ ಚಿಕ್ಕ ಪದಗಳು ಕಾಗುಣಿತದ ಹಂಗಿಲ್ಲದೆ ಅಭ್ಯಾಸದಿಂದಲೇ ಬರುತ್ತವೆ.